ಮುಟ್ಟದೆ ಅಳೆಯುವ ಬಿಸಿ: ಕುಲುಮೆಯ ಗೋಡೆಗೂ ನಕ್ಷತ್ರಕ್ಕೂ ಒಂದೇ ಲೆಕ್ಕ

ಉಕ್ಕಿನ ರೋಲಿಂಗ್ ಮಿಲ್‌ಗಳಲ್ಲಿ ಬಿಲೆಟ್‌ಗಳನ್ನು ಕಾಯಿಸಲೆಂದೇ ದೊಡ್ಡ ಕುಲುಮೆ ಇರುತ್ತದೆ. ಉಕ್ಕಿನ ದಿಮ್ಮಿಗಳು ಅದರ ಒಂದು ತುದಿಯಿಂದ ಒಳಹೋಗಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು, ಇನ್ನೊಂದು ತುದಿಯಿಂದ ಹೊಳೆಯುತ್ತ ಹೊರಬಂದು ರೋಲರ್‌ಗಳ ನಡುವೆ ನುಗ್ಗಿ ಸರಳುಗಳಾಗುತ್ತವೆ. ಬಿಸಿ ಸಾಲದಿದ್ದರೆ ಉಕ್ಕು ರೋಲರ್‌ಗೆ ಬಗ್ಗುವುದಿಲ್ಲ. ಬಿಸಿ ಮಿತಿಮೀರಿದರೆ ಅದರ ಮೈ ಆಕ್ಸೈಡಾಗಿ ಪದರಪದರವಾಗಿ ಉದುರುತ್ತದೆ, ಇಂಧನ ದಂಡವಾಗುತ್ತದೆ, ಒಳಗೋಡೆಯ ಫೈರ್‌ಬ್ರಿಕ್ ಬೇಗ ಹಾಳಾಗುತ್ತದೆ. ಹಾಗಾಗಿ ಗೋಡೆ ಎಷ್ಟು ಕಾದಿದೆ ಎಂಬುದು ಅಲ್ಲಿ ಪ್ರತಿ ಗಂಟೆಯೂ ಕೇಳಬೇಕಾದ ಪ್ರಶ್ನೆ. ಗೋಡೆಯಲ್ಲಿ ಥರ್ಮೋಕಪಲ್ ಹೂಳಬಹುದು, ಹೂಳುತ್ತಾರೆ ಕೂಡ. ಆದರೆ ಅದು ತನ್ನ ತುದಿ ಇರುವ ಜಾಗದ ಬಿಸಿಯನ್ನಷ್ಟೇ ಹೇಳುತ್ತದೆ. ಆ ತಾಪದಲ್ಲಿ ತಿಂಗಳುಗಟ್ಟಲೆ ಬೆಂದು ಅದರ ಓದು ಮೆಲ್ಲಗೆ ತಪ್ಪುತ್ತಲೂ ಹೋಗುತ್ತದೆ.

ಇನ್ನೊಂದು ಪ್ರಶ್ನೆ ಆಕಾಶದ್ದು. ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಕೆಂಪಗೆ ಕಾಣುವ ನಕ್ಷತ್ರವೇ ನಮ್ಮ ರೈತರು ಮಳೆಯ ಹೆಸರಿನಿಂದ ಬಲ್ಲ ಆರಿದ್ರಾ. ಅದೇ ಪುಂಜದ ಇನ್ನೊಂದು ಕಡೆ ನೀಲಿಛಾಯೆಯ ಬಿಳಿ ನಕ್ಷತ್ರ ರೈಜೆಲ್ ಇದೆ. ಎರಡೂ ನೂರಾರು ಜ್ಯೋತಿರ್ವರ್ಷ ದೂರ. ಆರಿದ್ರಾದ ಮೇಲ್ಮೈ ಸುಮಾರು 3600 ಕೆಲ್ವಿನ್, ರೈಜೆಲ್‌ನದು ಸುಮಾರು 12,000 ಕೆಲ್ವಿನ್ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಅಲ್ಲಿಗೆ ಯಾರೂ ಥರ್ಮಾಮೀಟರ್ ಒಯ್ದಿಲ್ಲ. ನಮಗೆ ಸಿಗುವುದು ಬೆಳಕು ಮಾತ್ರ.

ಕುಲುಮೆಗೂ ನಕ್ಷತ್ರಕ್ಕೂ ಉತ್ತರ ಒಂದೇ ನಿಯಮದಿಂದ ಹೊರಡುತ್ತದೆ. ಜರ್ಮನಿಯ ಭೌತವಿಜ್ಞಾನಿ ವಿಲ್‌ಹೆಲ್ಮ್ ವೀನ್ 1893ರಲ್ಲಿ ಅದನ್ನು ಕಂಡುಕೊಂಡರು. ಶಾಲೆಯ ಲೆಕ್ಕದಷ್ಟು ಸುಲಭವಾದ ನಿಯಮ ಅದು. ಅದನ್ನು ನಂಬಿ ಒಂದು ಅಂಕಿ ಬರೆದಿಡುವುದು ಮಾತ್ರ ಅಷ್ಟು ಸುಲಭವಲ್ಲ. ಏಕೆ ಎಂಬುದೇ ಈ ಲೇಖನದ ವಿಷಯ.

ಒಂದೇ ಭಾಗಾಕಾರ

ಬಿಸಿಯಾದ ಯಾವುದೇ ವಸ್ತು ವಿಕಿರಣ ಸೂಸುತ್ತದೆ. ಆ ವಿಕಿರಣ ಒಂದೇ ಬಣ್ಣದ್ದಲ್ಲ, ಹಲವು ತರಂಗಾಂತರಗಳು ಅದರಲ್ಲಿ ಬೆರೆತಿರುತ್ತವೆ. ತರಂಗಾಂತರವನ್ನು ಅಡ್ಡಕ್ಕೆ, ಆಯಾ ತರಂಗಾಂತರದಲ್ಲಿ ಬರುವ ಶಕ್ತಿಯನ್ನು ಉದ್ದಕ್ಕೆ ಇಟ್ಟು ನಕ್ಷೆ ಬರೆದರೆ ಎಡಗಡೆ ಕಡಿದಾಗಿ ಏರಿ ಬಲಗಡೆ ನಿಧಾನವಾಗಿ ಇಳಿಯುವ ಗುಡ್ಡವೊಂದು ಮೂಡುತ್ತದೆ. ವಸ್ತು ಹೆಚ್ಚು ಕಾದಂತೆ ಗುಡ್ಡ ಎತ್ತರವಾಗುತ್ತದೆ, ಜೊತೆಗೆ ಅದರ ನೆತ್ತಿ ಎಡಕ್ಕೆ, ಅಂದರೆ ಚಿಕ್ಕ ತರಂಗಾಂತರದ ಕಡೆಗೆ ಸರಿಯುತ್ತದೆ. ಹೀಗೆ ಸರಿಯುವುದಕ್ಕೇ ಸ್ಥಾನಪಲ್ಲಟ ನಿಯಮ ಎಂದು ಹೆಸರು. ನೆತ್ತಿಯ ತರಂಗಾಂತರವನ್ನು ಮೈಕ್ರಾನ್‌ನಲ್ಲಿ, ತಾಪಮಾನವನ್ನು ಕೆಲ್ವಿನ್‌ನಲ್ಲಿ ಹಿಡಿದು ಎರಡನ್ನೂ ಗುಣಿಸಿದರೆ ಯಾವಾಗಲೂ ಒಂದೇ ಸಂಖ್ಯೆ ಬರುತ್ತದೆ:

λ × T = 2898

ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 0.4 ಮೈಕ್ರಾನ್‌ನ ನೇರಳೆಯಿಂದ 0.7 ಮೈಕ್ರಾನ್‌ನ ಕೆಂಪಿನವರೆಗೆ. ನೆತ್ತಿ 0.5 ಮೈಕ್ರಾನ್‌ನಲ್ಲಿ ಕಂಡರೆ 2898ನ್ನು 0.5ರಿಂದ ಭಾಗಿಸಿ, 5796 ಕೆಲ್ವಿನ್. ಇದು ಸೂರ್ಯನ ಮೇಲ್ಮೈಗೆ ಬಹಳ ಹತ್ತಿರದ ಅಂಕಿ. ಸೆಲ್ಸಿಯಸ್ ಬೇಕಿದ್ದರೆ 273 ಕಳೆಯಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬದಿಗಿಡಬೇಕು. ಕೆಂಪಗೆ ಕಾದ ಕಬ್ಬಿಣದ ವಿಕಿರಣದ ನೆತ್ತಿ ಕೆಂಪು ಬಣ್ಣದಲ್ಲಿದೆ ಎಂದು ಹಲವರು ಭಾವಿಸುತ್ತಾರೆ. ನೆತ್ತಿ ನಿಜವಾಗಿ ಕೆಂಪಿನ ತರಂಗಾಂತರದಲ್ಲಿ ಇರಬೇಕಾದರೆ ಕಬ್ಬಿಣ 4000 ಕೆಲ್ವಿನ್‌ಗೂ ಮೇಲೆ ಕಾಯಬೇಕಾಗುತ್ತದೆ. ಅಷ್ಟು ಹೊತ್ತಿಗೆ ಅದು ಕರಗಿ ಆವಿಯಾಗಿರುತ್ತದೆ. ಕತ್ತಲೆಯಲ್ಲಿ ಘನವಸ್ತುವೊಂದು ಮಂದ ಕೆಂಪಾಗಿ ಕಾಣತೊಡಗುವುದು ಸುಮಾರು 525 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು ಅಮೆರಿಕದ ಜಾನ್ ಡ್ರೇಪರ್ 1847ರಲ್ಲೇ ತೋರಿಸಿದ್ದರು. ಆ ತಾಪಮಾನದಲ್ಲಿ ನೆತ್ತಿ ಇರುವುದು 3.6 ಮೈಕ್ರಾನ್‌ನಲ್ಲಿ, ಅವಕೆಂಪಿನ ಒಳಗೆ, ಕಣ್ಣಿಗೆ ಪೂರ್ತಿ ಕಾಣದ ಜಾಗದಲ್ಲಿ. ನಾವು ಕಾಣುವ ಕೆಂಪು ಆ ಗುಡ್ಡದ ಎಡಗಡೆಯ ಕಟ್ಟಕಡೆಯ ಅಂಚು ಮಾತ್ರ. ಕುಲುಮೆ 1500 ಕೆಲ್ವಿನ್‌ಗೆ ಕಾದಾಗಲೂ ಅದು ಸೂಸುವ ಒಟ್ಟು ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಭಾಗ ಸಾವಿರಕ್ಕೆ ಒಂದು ಪಾಲೂ ಇರುವುದಿಲ್ಲ. ಕಣ್ಣು ಕುಕ್ಕುವಷ್ಟು ಉರಿಯುವ ಆ ಗೋಡೆಯ ಬಹುಪಾಲು ಮಾತು ನಮಗೆ ಕಾಣದ ಬೆಳಕಿನಲ್ಲಿದೆ.

ಬರ್ಲಿನ್‌ನ ಮೇಣದಬತ್ತಿ

ವೀನ್ ಕೆಲಸ ಮಾಡುತ್ತಿದ್ದದ್ದು ಬರ್ಲಿನ್‌ನ ರಾಷ್ಟ್ರೀಯ ಭೌತ ಮತ್ತು ತಾಂತ್ರಿಕ ಸಂಸ್ಥೆಯಲ್ಲಿ. 1887ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಜರ್ಮನಿಯ ಕೈಗಾರಿಕೆಗಳಿಗೆ ಬೇಕಾದ ಅಳತೆಗಳನ್ನು ಖಚಿತಪಡಿಸುವ ಹೊಣೆ ಇತ್ತು. ಅನಿಲದೀಪ ಮತ್ತು ವಿದ್ಯುದ್ದೀಪಗಳು ಪೈಪೋಟಿಗೆ ಬಿದ್ದಿದ್ದ ಕಾಲ ಅದು. ಯಾವ ದೀಪ ಎಷ್ಟು ಬೆಳಕು ಕೊಡುತ್ತದೆ, ಎಷ್ಟನ್ನು ಬರಿಯ ಶಾಖವಾಗಿ ಕಳೆಯುತ್ತದೆ ಎಂದು ಹೇಳಲು ನಂಬಲರ್ಹವಾದ ವಿಕಿರಣದ ಮೂಲವೊಂದು ಬೇಕಿತ್ತು. ಎಲ್ಲ ಕಡೆಯೂ ಒಂದೇ ಸಮ ಕಾದ ಪೆಟ್ಟಿಗೆಗೆ ಒಂದು ಸಣ್ಣ ರಂಧ್ರ ಕೊರೆದರೆ ಆ ರಂಧ್ರದಿಂದ ಬರುವ ವಿಕಿರಣ ಒಳಗೋಡೆ ಯಾವ ವಸ್ತುವಿನದು ಎಂಬುದನ್ನು ಅವಲಂಬಿಸುವುದಿಲ್ಲ, ತಾಪಮಾನವನ್ನಷ್ಟೇ ಅವಲಂಬಿಸುತ್ತದೆ. ಇದನ್ನೇ ಕೃಷ್ಣಕಾಯ ವಿಕಿರಣ ಎನ್ನುತ್ತಾರೆ. ವೀನ್ ಅವರ ನಿಯಮ ಪೂರ್ತಿ ಸರಿಯಾಗಿ ಅನ್ವಯವಾಗುವುದು ಇಂಥ ವಿಕಿರಣಕ್ಕೆ.

ಅದೇ ಸಂಸ್ಥೆಯ ಒಟ್ಟೊ ಲುಮ್ಮರ್ ಮತ್ತು ಅವರೊಡನೆ ಕೆಲಸ ಮಾಡುತ್ತಿದ್ದ ಅರ್ನ್ಸ್ಟ್ ಪ್ರಿಂಗ್ಸ್‌ಹೈಮ್ ಇಂಥ ಪೆಟ್ಟಿಗೆಗಳನ್ನು ಕಾಯಿಸಿ ಗುಡ್ಡದ ಆಕಾರವನ್ನು ಅಳೆದರು. ಗುಣಲಬ್ಧ ಸುಮಾರು 2940 ಬಂತು. ಇಂದಿನ 2898ಕ್ಕೆ ಹೋಲಿಸಿದರೆ ನೂರಕ್ಕೆ ಒಂದೂವರೆಯಷ್ಟು ಹೆಚ್ಚು. ಬಳಿಕ ಅವರು ಹೊಳೆಯುವ ಪ್ಲಾಟಿನಮ್ಮಿಗೂ ಅದೇ ಪ್ರಯೋಗ ಮಾಡಿದರು. ಅಲ್ಲಿ 2630 ಬಂತು. ಲೋಹ ಚಿಕ್ಕ ತರಂಗಾಂತರಗಳನ್ನು ತುಸು ಧಾರಾಳವಾಗಿ, ದೊಡ್ಡವನ್ನು ತುಸು ಜಿಪುಣತನದಿಂದ ಸೂಸುತ್ತದೆ. ಹಾಗಾಗಿ ತಾಪಮಾನ ಅಷ್ಟೇ ಇದ್ದರೂ ನೆತ್ತಿ ಎಡಕ್ಕೆ ಸರಿದು ನಿಲ್ಲುತ್ತದೆ.

ಈ ಎರಡು ಸಂಖ್ಯೆಗಳನ್ನು ಅವರು ಬಳಸಿಕೊಂಡ ರೀತಿ ಇಂದಿಗೂ ಮಾದರಿ. ಮೇಣದಬತ್ತಿಯ ಜ್ವಾಲೆಯ ನೆತ್ತಿ 1.5 ಮೈಕ್ರಾನ್ ಹತ್ತಿರ ಸಿಕ್ಕಿತು. ಜ್ವಾಲೆ ಕೃಷ್ಣಕಾಯದಂತೆ ವರ್ತಿಸುತ್ತದೆಯೋ ಲೋಹದಂತೆಯೋ ಅವರಿಗೆ ಖಚಿತವಿರಲಿಲ್ಲ. ಹಾಗಾಗಿ ಎರಡೂ ಲೆಕ್ಕ ಹಾಕಿದರು. 2940ನ್ನು 1.5ರಿಂದ ಭಾಗಿಸಿದರೆ 1960 ಕೆಲ್ವಿನ್, 2630ನ್ನು ಭಾಗಿಸಿದರೆ ಸುಮಾರು 1750 ಕೆಲ್ವಿನ್. ಜ್ವಾಲೆಯ ತಾಪಮಾನ ಈ ಎರಡರ ನಡುವೆ ಇರಬೇಕು ಎಂದರು. ಒಂದೇ ಅಂಕಿ ಕೊಟ್ಟು ಖಚಿತತೆಯ ಸೋಗು ಹಾಕುವ ಬದಲು ಮೇಲಿನ ಗಡಿ, ಕೆಳಗಿನ ಗಡಿ ಎರಡನ್ನೂ ಹೇಳಿದ್ದರಲ್ಲಿ ಅಳತೆಯ ಪ್ರಾಮಾಣಿಕತೆ ಇದೆ. ಇದೇ ಪ್ರಯೋಗಾಲಯದ ಅಳತೆಗಳು 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಅವರಿಗೆ ಗುಡ್ಡದ ಪೂರ್ಣ ಆಕಾರ ಹೇಳುವ ಸೂತ್ರದ ದಾರಿ ತೋರಿಸಿದವು. ವೀನ್ ಅವರಿಗೆ 1911ರಲ್ಲಿ ನೊಬೆಲ್ ಬಂತು.

ಗೋಡೆಯ ಲೆಕ್ಕ ಹಾಕಿ ನೋಡೋಣ

ಈಗ ರೋಲಿಂಗ್ ಮಿಲ್‌ನ ಕುಲುಮೆಗೆ ಬರೋಣ. ಬದಿಯ ಇಣುಕುರಂಧ್ರಕ್ಕೆ ಅವಕೆಂಪಿನ ಸ್ಪೆಕ್ಟ್ರೋಮೀಟರ್ ಹಿಡಿದಿದ್ದೇವೆ, ನೆತ್ತಿ 1.93 ಮೈಕ್ರಾನ್‌ನಲ್ಲಿ ಕಂಡಿತು ಎಂದಿಟ್ಟುಕೊಳ್ಳಿ. 2898 ಭಾಗಿಸು 1.93, ಅಂದರೆ 1502 ಕೆಲ್ವಿನ್. 273 ಕಳೆದರೆ 1229 ಡಿಗ್ರಿ ಸೆಲ್ಸಿಯಸ್. ಇಂಥ ಕುಲುಮೆಗೆ ಒಪ್ಪುವ ಉತ್ತರವೇ.

ಇಣುಕುರಂಧ್ರದಿಂದ ನೋಡುವುದು ಒಳ್ಳೆಯದು. ಚೆನ್ನಾಗಿ ಕಾದ ಕುಲುಮೆಯ ಒಳಭಾಗ ಬಹುಮಟ್ಟಿಗೆ ಬರ್ಲಿನ್‌ನ ಪೆಟ್ಟಿಗೆಯಂತೆಯೇ ವರ್ತಿಸುತ್ತದೆ. ಒಳಗೆ ಎಲ್ಲವೂ ಒಂದೇ ಬಿಸಿಗೆ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯೂ ಇದೆ. ತಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ನೋಡಿದಾಗ ಇಟ್ಟಿಗೆಗಳ ಸಂದುಗೆರೆ, ಬಿಲೆಟ್‌ಗಳ ಅಂಚು ಕಾಣದೆ ಎಲ್ಲವೂ ಒಂದೇ ಬೆಳಕಿನಲ್ಲಿ ಕರಗಿಹೋದಂತಿದ್ದರೆ ಒಳಗೆಲ್ಲ ಒಂದೇ ತಾಪಮಾನ ಇದೆ ಎಂದರ್ಥ. ಅಂಚುಗಳು ಎದ್ದು ಕಾಣುತ್ತಿದ್ದರೆ ತಾಪಮಾನ ಇನ್ನೂ ಸಮವಾಗಿಲ್ಲ. ಆಗ ಸಿಗುವ ಅಂಕಿ ಯಾವುದರದು ಎಂದೇ ಹೇಳಲಾಗದು.

ಇಷ್ಟಾದರೂ 1229 ಎಂಬ ಅಂಕಿಯನ್ನು ಹಾಗೆಯೇ ಒಪ್ಪಬಾರದು. ಮೊದಲ ತೊಡಕು ಗುಡ್ಡದ ಆಕಾರದಲ್ಲೇ ಇದೆ. ದೂರದಿಂದ ಚೂಪಾಗಿ ಕಂಡ ಗುಡ್ಡವನ್ನು ಹತ್ತಿದ ಮೇಲೆ ನೆತ್ತಿ ಅಗಲವಾದ ಬಯಲಾಗಿರುವುದು ಚಾರಣಿಗರಿಗೆಲ್ಲ ಗೊತ್ತು. ಅತಿ ಎತ್ತರದ ಕಲ್ಲು ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲಾಗದು. ವಿಕಿರಣದ ಗುಡ್ಡವೂ ಹಾಗೆಯೇ. ಪ್ಲಾಂಕ್ ಸೂತ್ರದಿಂದ ಲೆಕ್ಕ ಹಾಕಿದರೆ, ನೆತ್ತಿಯಿಂದ ತರಂಗಾಂತರದಲ್ಲಿ ನೂರಕ್ಕೆ ಹತ್ತರಷ್ಟು ಬಲಕ್ಕೆ ಹೋದಾಗ ಎತ್ತರ ಕುಸಿಯುವುದು ನೂರಕ್ಕೆ ಎರಡರಷ್ಟು ಮಾತ್ರ. ಎಡಕ್ಕೆ ಅಷ್ಟೇ ಸರಿದರೂ ಮೂರರ ಆಸುಪಾಸು. ಅಂದರೆ ನಿಮ್ಮ ಉಪಕರಣದ ಓದಿನಲ್ಲಿ ಶೇಕಡಾ ಎರಡರ ಏರುಪೇರು ಇದ್ದರೆ ಸಾಕು, ನೆತ್ತಿಯ ಜಾಗ ಶೇಕಡಾ ಹತ್ತರಷ್ಟು ತಪ್ಪಬಹುದು. ಗುಣಲಬ್ಧ ಸ್ಥಿರವಾದ್ದರಿಂದ ತರಂಗಾಂತರದ ತಪ್ಪು ಎಷ್ಟೋ ತಾಪಮಾನದ ತಪ್ಪೂ ಅಷ್ಟೇ. 1500 ಕೆಲ್ವಿನ್‌ನಲ್ಲಿ ಶೇಕಡಾ ಹತ್ತು ಎಂದರೆ 150 ಡಿಗ್ರಿ. ಉಕ್ಕು ಕಾಯಿಸುವ ಕುಲುಮೆಯಲ್ಲಿ ಅಷ್ಟು ತಪ್ಪಿದ ಅಳತೆಯಿಂದ ಯಾರಿಗೂ ಉಪಯೋಗವಿಲ್ಲ.

ನೆತ್ತಿ ಸುಳ್ಳು ಹೇಳುವಾಗ

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಕುಲುಮೆಯಲ್ಲಿ ಗ್ಯಾಸ್ ಅಥವಾ ಎಣ್ಣೆ ಉರಿದಾಗ ನೀರಾವಿ ಹುಟ್ಟುತ್ತದೆ. ನೀರಾವಿ ಕೆಲವು ನಿರ್ದಿಷ್ಟ ತರಂಗಾಂತರಗಳನ್ನು ಹೀರುತ್ತದೆ. ಅವುಗಳಲ್ಲಿ ಒಂದು 1.87 ಮೈಕ್ರಾನ್ ಆಸುಪಾಸಿನ ಪಟ್ಟಿ. ನಮ್ಮ ಗೋಡೆಯ ನೆತ್ತಿ 1.93ರಲ್ಲಿದೆ ಎಂಬುದನ್ನು ನೆನಪಿಸಿಕೊಳ್ಳಿ. ಅಂದರೆ ನೆತ್ತಿ ಇರಬೇಕಾದ ಜಾಗಕ್ಕೇ ಸರಿಯಾಗಿ ಹಳ್ಳ ಬೀಳುತ್ತದೆ. ಹಳ್ಳದ ಎಡದಂಡೆಯೋ ಬಲದಂಡೆಯೋ ಎತ್ತರವಾಗಿ ಕಂಡು ಅದೇ ನೆತ್ತಿ ಎನಿಸಿಕೊಳ್ಳುತ್ತದೆ. ಬಲದಂಡೆಯನ್ನು ನಂಬಿದರೆ ತಾಪಮಾನ ಕಡಿಮೆ ಬರುತ್ತದೆ, ಎಡದಂಡೆಯನ್ನು ನಂಬಿದರೆ ಹೆಚ್ಚು.

ಬಳಸುವ ಸಂವೇದಕವೂ ಇಂಥದೇ ಮೋಸ ಮಾಡಬಲ್ಲದು. ಸಿಲಿಕಾನ್ ಸಂವೇದಕ 1.1 ಮೈಕ್ರಾನ್ ದಾಟಿದರೆ ಕುರುಡು. ಸಾಮಾನ್ಯವಾಗಿ ಸಿಗುವ ಇಂಡಿಯಮ್ ಗ್ಯಾಲಿಯಮ್ ಆರ್ಸೆನೈಡ್ ಸಂವೇದಕ 1.7 ಮೈಕ್ರಾನ್ ಹತ್ತಿರ ಕೈಚೆಲ್ಲುತ್ತದೆ. ಅದರಿಂದ ನಮ್ಮ ಗೋಡೆಯನ್ನು ನೋಡಿದರೆ ನಕ್ಷೆ ಏರುತ್ತ ಏರುತ್ತ ಹೋಗಿ 1.6 ಮೈಕ್ರಾನ್ ಸುಮಾರಿಗೆ ತಟ್ಟನೆ ಇಳಿಯುತ್ತದೆ. ನೋಡಿದವರಿಗೆ ಅಲ್ಲೊಂದು ಅಂದವಾದ ನೆತ್ತಿ ಕಾಣುತ್ತದೆ. ಲೆಕ್ಕ ಹಾಕಿದರೆ 1800 ಕೆಲ್ವಿನ್ ಮೀರಿದ ಉತ್ತರ. ಅದು ಗೋಡೆಯ ನೆತ್ತಿಯಲ್ಲ, ಸಂವೇದಕದ ಅಂಚು. ಇದನ್ನು ಪತ್ತೆಹಚ್ಚುವ ದಾರಿ ಸುಲಭ: ಕುಲುಮೆಯ ಬಿಸಿಯನ್ನು ಏರಿಸಿ ಇಳಿಸಿ ನೋಡಬೇಕು. ನಿಜವಾದ ನೆತ್ತಿ ಸರಿದಾಡುತ್ತದೆ. ಸಂವೇದಕದ ಅಂಚು ಇದ್ದಲ್ಲೇ ಕೂತಿರುತ್ತದೆ.

ಮೂರನೆಯದು ನಕ್ಷೆ ಬರೆಯುವ ರೀತಿಯಲ್ಲೇ ಅಡಗಿರುವ ತೊಡಕು. 2898 ಎಂಬ ಸಂಖ್ಯೆ ಅನ್ವಯವಾಗುವುದು ಅಡ್ಡಕ್ಕೆ ತರಂಗಾಂತರ ಇಟ್ಟು, ಸಮಾನ ಅಗಲದ ತರಂಗಾಂತರದ ತುಂಡುಗಳಲ್ಲಿ ಶಕ್ತಿಯನ್ನು ಎಣಿಸಿದ ನಕ್ಷೆಗೆ ಮಾತ್ರ. ಹಲವು ಆಧುನಿಕ ಅವಕೆಂಪು ಉಪಕರಣಗಳು ತರಂಗಾಂತರದ ಬದಲು ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಕೂರುತ್ತವೆ ಎಂಬ ಲೆಕ್ಕದಲ್ಲಿ ನಕ್ಷೆ ಕೊಡುತ್ತವೆ. ಆ ಲೆಕ್ಕದಲ್ಲಿ ಸಮಾನ ತುಂಡುಗಳು ಬೇರೆಯೇ ಆಗುತ್ತವೆ. ಉದ್ದ ತರಂಗಾಂತರದ ಕಡೆ ಒಂದೊಂದು ತುಂಡೂ ಹೆಚ್ಚು ಜಾಗ ಬಾಚಿಕೊಳ್ಳುತ್ತದೆ. ಹಾಗಾಗಿ ಅದೇ 1500 ಕೆಲ್ವಿನ್ ಗೋಡೆಯ ನೆತ್ತಿ ಆ ನಕ್ಷೆಯಲ್ಲಿ 3.4 ಮೈಕ್ರಾನ್‌ಗೆ ಸಮನಾದ ಜಾಗದಲ್ಲಿ ಬೀಳುತ್ತದೆ. ಇದನ್ನರಿಯದೆ 2898ನ್ನು 3.4ರಿಂದ ಭಾಗಿಸಿದರೆ 852 ಕೆಲ್ವಿನ್, ಅಂದರೆ 579 ಡಿಗ್ರಿ ಸೆಲ್ಸಿಯಸ್. ಕಣ್ಣು ಕುಕ್ಕುವ ಗೋಡೆಗೆ ಈಗಷ್ಟೇ ಕೆಂಪಾಗತೊಡಗಿದ ಕಬ್ಬಿಣದ ತಾಪಮಾನ! ಆ ಬಗೆಯ ನಕ್ಷೆಗೆ ಬಳಸಬೇಕಾದ ಸಂಖ್ಯೆ ಸುಮಾರು 5100. ಎರಡೂ ನಕ್ಷೆಗಳು ಸರಿಯೇ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಕುವುದು ತಪ್ಪು.

ನೆತ್ತಿ ಬಿಟ್ಟು ಇಳಿಜಾರಿಗೆ

ಕುಲುಮೆಯವರು ಇದಕ್ಕೆ ಕಂಡುಕೊಂಡ ಪರಿಹಾರ ಸೊಗಸಾಗಿದೆ. ನೆತ್ತಿ ಚಪ್ಪಟೆ, ಆದರೆ ಎಡಗಡೆಯ ಇಳಿಜಾರು ಬಹಳ ಕಡಿದು. ಹಾಗಿದ್ದರೆ ನೆತ್ತಿಯನ್ನು ಹುಡುಕುವುದೇಕೆ, ಇಳಿಜಾರಿನ ಮೇಲೆ ಒಂದು ಜಾಗ ಹಿಡಿದು ಅಲ್ಲಿನ ಪ್ರಖರತೆಯನ್ನೇ ಅಳೆಯಬಾರದೇಕೆ?

ಹಳೆಯ ತಂತುಪೈರೋಮೀಟರ್ ಮಾಡುವುದು ಇದನ್ನೇ. ಅದೊಂದು ಪುಟ್ಟ ದೂರದರ್ಶಕ. ಒಳಗೆ ದೀಪದ ತಂತು, ಕಣ್ಣಿನ ಬಳಿ ಕೆಂಪು ಗಾಜು. ಗೋಡೆಯ ಕಡೆ ಹಿಡಿದು ನೋಡಿದರೆ ಹೊಳೆಯುವ ಗೋಡೆಯ ಮೇಲೆ ತಂತು ಕಪ್ಪು ಗೆರೆಯಾಗಿ ಕಾಣುತ್ತದೆ. ತಂತುವಿಗೆ ವಿದ್ಯುತ್ ಹೆಚ್ಚಿಸುತ್ತ ಹೋದಂತೆ ಅದು ಕೆಂಪಾಗುತ್ತದೆ, ಒಂದು ಹಂತದಲ್ಲಿ ಗೋಡೆಯ ಬೆಳಕಿನೊಳಗೆ ಮಾಯವಾಗುತ್ತದೆ. ಇನ್ನೂ ಹೆಚ್ಚಿಸಿದರೆ ಗೋಡೆಗಿಂತ ಬೆಳ್ಳಗಿನ ಗೆರೆಯಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಮಾಯವಾದ ಕ್ಷಣದ ವಿದ್ಯುತ್ತನ್ನು ಓದಿಕೊಂಡರೆ ತಾಪಮಾನ ಸಿಕ್ಕಂತೆ. ಇದು ನೋಡುವುದು ಸುಮಾರು 0.65 ಮೈಕ್ರಾನ್‌ನ ಕೆಂಪನ್ನು, ನೆತ್ತಿಯಿಂದ ಬಹಳ ಎಡಕ್ಕೆ. ಗೋಡೆ 1500ರಿಂದ 1600 ಕೆಲ್ವಿನ್‌ಗೆ ಏರಿದಾಗ ನೆತ್ತಿ ಸರಿಯುವುದು 1.93ರಿಂದ 1.81ಕ್ಕೆ ಮಾತ್ರ. ಅದೇ ಹೊತ್ತಿಗೆ 0.65 ಮೈಕ್ರಾನ್‌ನ ಕೆಂಪು ಎರಡೂವರೆ ಪಟ್ಟಾಗುತ್ತದೆ. ಅಷ್ಟು ದೊಡ್ಡ ಬದಲಾವಣೆ ಕಣ್ಣಿಗೆ ತಪ್ಪುವುದಿಲ್ಲ.

ಇದರ ಇನ್ನೊಂದು ಲಾಭ, ತಪ್ಪು ಇಲ್ಲಿ ಕುಗ್ಗುತ್ತದೆ. ಹೊಗೆ ಅಡ್ಡ ಬಂದು ಗೋಡೆಯ ಬೆಳಕು ಅರ್ಧಕ್ಕರ್ಧ ಕಡಿಮೆಯಾಯಿತು ಎನ್ನಿ. 1500 ಕೆಲ್ವಿನ್ ಗೋಡೆ ಆಗ 1433 ಕೆಲ್ವಿನ್ ಎಂದು ತೋರುತ್ತದೆ. ಅರ್ಧ ಬೆಳಕು ಕಳೆದುಕೊಂಡರೂ ತಪ್ಪು 67 ಡಿಗ್ರಿ. ಆದರೆ ಅಷ್ಟು ತಪ್ಪೂ ಕುಲುಮೆಗೆ ಹೆಚ್ಚೇ. ಅದನ್ನೂ ತೊಡೆಯಲು ಬಂದದ್ದು ಎರಡು ಬಣ್ಣಗಳ ಪೈರೋಮೀಟರ್. ಅದು 0.9 ಮತ್ತು 1.05 ಮೈಕ್ರಾನ್‌ನಂಥ ಎರಡು ಅಕ್ಕಪಕ್ಕದ ತರಂಗಾಂತರಗಳಲ್ಲಿ ಪ್ರಖರತೆಯನ್ನು ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತದೆ. ಪ್ಲಾಂಕ್ ಸೂತ್ರದ ಪ್ರಕಾರ ಆ ಭಾಗಲಬ್ಧ 1400 ಕೆಲ್ವಿನ್‌ನಲ್ಲಿ ಸುಮಾರು 0.42, 1500ರಲ್ಲಿ 0.47, 1600ರಲ್ಲಿ 0.52. ಹೊಗೆಯೋ ಇಣುಕುಗಾಜಿನ ಮೇಲಿನ ಧೂಳೋ ಎರಡೂ ಬಣ್ಣಗಳನ್ನು ಸಮವಾಗಿ ತಗ್ಗಿಸಿದರೆ ಭಾಗಲಬ್ಧ ಬದಲಾಗುವುದೇ ಇಲ್ಲ. ಗೋಡೆಯ ಮೈ ಪೂರ್ತಿ ಕೃಷ್ಣಕಾಯವಲ್ಲದಿದ್ದರೂ, ಎರಡು ತರಂಗಾಂತರಗಳಲ್ಲಿ ಅದರ ಸೂಸುವ ಗುಣ ಒಂದೇ ಇದ್ದರೆ ಸಾಕು. ಇಳಿಜಾರು ಎಷ್ಟು ಕಡಿದು ಎಂಬುದೇ ಇಲ್ಲಿ ಬಿಸಿಯ ಗುರುತು. ಗುಡ್ಡದ ನೆತ್ತಿಗೆ ಹತ್ತಬೇಕಾದ ಅಗತ್ಯವೇ ಇಲ್ಲ.

ಆಕಾಶದಲ್ಲೂ ಅದೇ ಪಾಠ

ಖಗೋಳವಿಜ್ಞಾನಿಗಳೂ ಇದೇ ತೊಡಕುಗಳನ್ನು ಎದುರಿಸಿ ಇಂಥದೇ ದಾರಿ ಹಿಡಿದರು. ಸೂರ್ಯನನ್ನೇ ತೆಗೆದುಕೊಳ್ಳಿ. ವಾತಾವರಣದ ಆಚೆಯಿಂದ ಅಳೆದರೂ ಸೂರ್ಯನ ವರ್ಣಪಟಲ ನಯವಾದ ಗುಡ್ಡವಲ್ಲ. ಅವನ ಹೊರಪದರದ ಅನಿಲಗಳು ಸಾವಿರಾರು ತರಂಗಾಂತರಗಳಲ್ಲಿ ಬೆಳಕು ಹೀರಿ ಅಲ್ಲಲ್ಲಿ ಕಚ್ಚು ಹಾಕಿರುತ್ತವೆ. ಅತಿ ಎತ್ತರದ ಬಿಂದು 0.45 ಮತ್ತು 0.5 ಮೈಕ್ರಾನ್ ನಡುವೆ ಎಲ್ಲಿ ಎಂಬುದು ನಾವು ಎಷ್ಟು ಅಗಲದ ತುಂಡುಗಳಲ್ಲಿ ಸರಾಸರಿ ತೆಗೆದೆವು ಎಂಬುದನ್ನು ಅವಲಂಬಿಸುತ್ತದೆ. 0.5 ಹಿಡಿದರೆ 5800 ಕೆಲ್ವಿನ್ ಹತ್ತಿರ, 0.45 ಹಿಡಿದರೆ 6400. ಇಂದು ಒಪ್ಪಿರುವ 5772 ಕೆಲ್ವಿನ್ ಬಂದಿರುವುದು ನೆತ್ತಿಯಿಂದಲ್ಲ. ಭೂಮಿಯ ದೂರದಲ್ಲಿ ಒಂದು ಚದರ ಮೀಟರ್ ಮೇಲೆ ಬೀಳುವ ಸೂರ್ಯನ ಒಟ್ಟು ಶಕ್ತಿ 1361 ವಾಟ್; ಸೂರ್ಯನ ತ್ರಿಜ್ಯದ ಸುಮಾರು 215 ಪಟ್ಟು ದೂರದಲ್ಲಿ ನಾವಿದ್ದೇವೆ. ಇವೆರಡರಿಂದ ಸೂರ್ಯನ ಮೇಲ್ಮೈಯ ಒಂದೊಂದು ಚದರ ಮೀಟರ್ ಎಷ್ಟು ಶಕ್ತಿ ಸೂಸುತ್ತಿದೆ ಎಂದು ಲೆಕ್ಕ ಹಾಕಿ, ಅಷ್ಟು ಸೂಸಲು ಎಷ್ಟು ಬಿಸಿ ಇರಬೇಕು ಎಂದು ಕಂಡುಕೊಂಡದ್ದು. ನೆತ್ತಿಯ ಲೆಕ್ಕ ಇದರ ಹತ್ತಿರ ಬಂದದ್ದು ಎರಡಕ್ಕೂ ಪರಸ್ಪರ ಸಾಕ್ಷಿ.

ರೈಜೆಲ್‌ನ ಕಷ್ಟ ಬೇರೆ. 2898ನ್ನು 12,000ದಿಂದ ಭಾಗಿಸಿದರೆ 0.24 ಮೈಕ್ರಾನ್. ಅದು ನೇರಳಾತೀತ. ನಮ್ಮ ಓಜೋನ್ ಪದರ ಸುಮಾರು 0.3 ಮೈಕ್ರಾನ್‌ಗಿಂತ ಚಿಕ್ಕ ತರಂಗಾಂತರಗಳನ್ನು ನೆಲಕ್ಕೆ ಬಿಡುವುದೇ ಇಲ್ಲ. ಭೂಮಿಯ ಮೇಲೆ ಎಷ್ಟೇ ದೊಡ್ಡ ದೂರದರ್ಶಕ ನಿಲ್ಲಿಸಿದರೂ ರೈಜೆಲ್‌ನ ನೆತ್ತಿ ಕಾಣದು. ಆದ್ದರಿಂದ ನಕ್ಷತ್ರವನ್ನು ನೀಲಿ ಸೋಸುಗಾಜಿನಲ್ಲಿ ಒಮ್ಮೆ, ಹಳದಿ-ಹಸಿರು ಸೋಸುಗಾಜಿನಲ್ಲಿ ಒಮ್ಮೆ ಅಳೆದು ಹೋಲಿಸುತ್ತಾರೆ. ಎರಡು ಬಣ್ಣಗಳ ಪೈರೋಮೀಟರ್ ಮಾಡುವ ಕೆಲಸವೇ ಇದು.

ಆದರೆ ಆಕಾಶದ ಧೂಳು ಎಲ್ಲ ಬಣ್ಣಗಳನ್ನೂ ಒಂದೇ ಸಮ ತಗ್ಗಿಸುವುದಿಲ್ಲ. ನಕ್ಷತ್ರಗಳ ನಡುವಿನ ಸಣ್ಣ ಧೂಳಿನ ಕಣಗಳು ಕೆಂಪಿಗಿಂತ ನೀಲಿಯನ್ನು ಹೆಚ್ಚು ತಡೆಯುತ್ತವೆ. ಅದರ ಹಿಂದಿರುವ ಬಿಸಿ ನಕ್ಷತ್ರವೂ ಕೆಂಪಾಗಿ, ಇರುವುದಕ್ಕಿಂತ ತಣ್ಣಗೆ ತೋರುತ್ತದೆ. ಇಲ್ಲಿ ನೆರವಿಗೆ ಬರುವುದು ಮೇಘನಾದ ಸಹಾ 1920ರಲ್ಲಿ ಕೊಟ್ಟ ದಾರಿ. ಯಾವ ತಾಪಮಾನದಲ್ಲಿ ಯಾವ ಪರಮಾಣು ಎಷ್ಟರಮಟ್ಟಿಗೆ ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ ಎಂದು ಅವರ ಸಮೀಕರಣ ಹೇಳುತ್ತದೆ. ಹಾಗಾಗಿ ವರ್ಣಪಟಲದಲ್ಲಿ ಯಾವ ಕಪ್ಪು ಗೆರೆಗಳು ದಟ್ಟವಾಗಿವೆ ಎಂಬುದೇ ತಾಪಮಾನದ ಗುರುತಾಗುತ್ತದೆ. ಧೂಳು ಬೆಳಕನ್ನು ಮಬ್ಬಾಗಿಸಬಲ್ಲದು, ಆದರೆ ಗೆರೆಗಳ ಈ ವಿನ್ಯಾಸವನ್ನು ಅಳಿಸಲಾರದು.

ಈ ಎಚ್ಚರ ಎಷ್ಟು ಬೇಕು ಎಂಬುದನ್ನು ಆರಿದ್ರಾ ಇತ್ತೀಚೆಗೆ ತೋರಿಸಿಕೊಟ್ಟಿತು. 2019ರ ಕೊನೆಯಲ್ಲಿ ಅದು ಮಂಕಾಗತೊಡಗಿ, 2020ರ ಫೆಬ್ರವರಿ ಹೊತ್ತಿಗೆ ಎಂದಿನ ಬೆಳಕಿನ ಸುಮಾರು ಮೂರನೇ ಒಂದು ಪಾಲಿಗೆ ಇಳಿಯಿತು. ನಕ್ಷತ್ರ ತಣ್ಣಗಾಯಿತೇ? ಅಥವಾ ಅಡ್ಡ ಏನಾದರೂ ಬಂದಿತೇ? ಬರಿಯ ಪ್ರಖರತೆಯಿಂದ ಇದನ್ನು ಹೇಳಲಾಗದು. ಹೊಗೆ ತುಂಬಿದ ಕುಲುಮೆಯ ಮುಂದೆ ನಿಂತವನ ಪ್ರಶ್ನೆಯೇ ಇದು. ಆರಿದ್ರಾದಂಥ ತಣ್ಣನೆಯ ನಕ್ಷತ್ರದ ಹೊರಪದರದಲ್ಲಿ ಟೈಟಾನಿಯಮ್ ಆಕ್ಸೈಡ್ ಅಣುಗಳಿರುತ್ತವೆ. ತಾಪಮಾನ ತಗ್ಗಿದರೆ ಅವುಗಳ ಕಪ್ಪು ಪಟ್ಟಿಗಳು ದಟ್ಟವಾಗುತ್ತವೆ. ಎಮಿಲಿ ಲೆವೆಸ್ಕ್ ಮತ್ತು ಫಿಲಿಪ್ ಮ್ಯಾಸಿ ಆ ಪಟ್ಟಿಗಳನ್ನು ಅಳೆದಾಗ ತಾಪಮಾನ ಸುಮಾರು 3600 ಕೆಲ್ವಿನ್ ಎಂದು ಬಂತು. 2004ರಲ್ಲಿ ಅಳೆದಿದ್ದಾಗ ಇದ್ದದ್ದು 3650. ಅಷ್ಟು ಮಂಕಾಗಲು 50 ಡಿಗ್ರಿಯ ಇಳಿತ ಸಾಲದು. ಧೂಳೇ ಮುಖ್ಯ ಕಾರಣವಿರಬೇಕು ಎಂದು ಅವರು ತೀರ್ಮಾನಿಸಿದರು. 2021ರಲ್ಲಿ ಚಿಲಿಯ ದೊಡ್ಡ ದೂರದರ್ಶಕದ ಚಿತ್ರಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನ, ನಕ್ಷತ್ರದ ಮೈಮೇಲೆ ಒಂದು ಭಾಗ ತಣ್ಣಗಾದಾಗ ಅದರ ಮುಂದೆ ಧೂಳಿನ ಮೋಡ ಕಟ್ಟಿಕೊಂಡಿತು ಎಂದು ವಿವರಿಸಿತು.

ಹಾಗಾದರೆ ನಿಯಮ ಯಾವುದಕ್ಕೆ?

ಇಷ್ಟೆಲ್ಲ ತೊಡಕಿದ್ದರೆ ವೀನ್ ನಿಯಮ ಏಕೆ ಬೇಕು ಎಂದು ಕೇಳಬಹುದು. ಎಲ್ಲಿ ನೋಡಬೇಕು ಎಂದು ಹೇಳಲು ಅದಕ್ಕಿಂತ ಸುಲಭದ ಮಾರ್ಗದರ್ಶಿ ಇಲ್ಲ. ಮನುಷ್ಯನ ಚರ್ಮ ಸುಮಾರು 305 ಕೆಲ್ವಿನ್, ನೆತ್ತಿ 9.5 ಮೈಕ್ರಾನ್. ಹಣೆಗೆ ಹಿಡಿಯುವ ಥರ್ಮಾಮೀಟರ್‌ಗಳು 8ರಿಂದ 14 ಮೈಕ್ರಾನ್ ನಡುವೆ ಅಳೆಯುವುದು ಇದಕ್ಕೇ. ಕುಲುಮೆಯ ನೆತ್ತಿ ಎರಡು ಮೈಕ್ರಾನ್ ಹತ್ತಿರ ಎಂದು ಗೊತ್ತಾದರೆ, ಅದಕ್ಕಿಂತ ಎಡಕ್ಕೆ, ಸಾಕಷ್ಟು ಬೆಳಕು ಸಿಗುವಷ್ಟು ಚಿಕ್ಕ ತರಂಗಾಂತರದಲ್ಲಿ ಅಳೆಯುವ ಪೈರೋಮೀಟರ್ ಆರಿಸಬೇಕು ಎಂದು ಗೊತ್ತಾಗುತ್ತದೆ. ನಕ್ಷತ್ರದ ನೆತ್ತಿ 0.24 ಎಂದರೆ ಅದನ್ನು ಕಾಣಲು ಬಾಹ್ಯಾಕಾಶಕ್ಕೇ ಹೋಗಬೇಕು ಎಂದು ತಿಳಿಯುತ್ತದೆ. ಇನ್ನೊಂದು ದಾರಿಯಿಂದ ಬಂದ ಅಂಕಿ ನಂಬುವಂತಿದೆಯೇ ಎಂದು ಒಂದೇ ನಿಮಿಷದಲ್ಲಿ ಪರೀಕ್ಷಿಸುವುದಕ್ಕೂ ಆ ಭಾಗಾಕಾರ ಸಾಕು.

2898ನ್ನು ನೆನಪಿಟ್ಟುಕೊಳ್ಳಿ. ನೆತ್ತಿ ಸಿಕ್ಕಿದರೆ ಭಾಗಿಸಿ ನೋಡಿ. ಆದರೆ ಬಂದ ತಾಪಮಾನದ ಪಕ್ಕದಲ್ಲಿ ಅದು ಶೇಕಡಾ ಎಷ್ಟು ತಪ್ಪಿರಬಹುದು ಎಂಬುದನ್ನೂ ಬರೆಯಿರಿ, ಮತ್ತು ಎರಡನೆಯ ವಿಧಾನವೊಂದು ಅದನ್ನು ಒಪ್ಪುವವರೆಗೆ ಆ ಅಂಕಿಯನ್ನು ಅಂದಾಜು ಎಂದಷ್ಟೇ ಕರೆಯಿರಿ.